‘ನಾವೇ ಜನ’ ಎನ್ನುವವರ ಲೆಕ್ಕ

ನಮ್ಮಲ್ಲಿ ‘ಪಾಪ್ಯುಲಿಸಂ’ ಎಂದರೆ ತಕ್ಷಣ ನೆನಪಾಗುವುದು ಉಚಿತ ಅಕ್ಕಿ, ಸಾಲ ಮನ್ನಾ, ಚುನಾವಣೆಯನ್ನು ಮುಂದಿಟ್ಟುಕೊಂಡು ಮಂಡಿಸಿದ ಬಜೆಟ್. ಎಂ.ಎ. ರಾಜ್ಯಶಾಸ್ತ್ರದ ಸೆಮಿನಾರಿಗೆ ಪುಸ್ತಕ ವಿಮರ್ಶೆ ಬರೆಯಬೇಕಾಗಿ ಬಂದು, ಯಾನ್ ವರ್ನರ್ ಮ್ಯೂಲರ್ ಅವರ ‘ವಾಟ್ ಈಸ್ ಪಾಪ್ಯುಲಿಸಂ?’ ಕೈಗೆತ್ತಿಕೊಂಡಾಗ ನನ್ನ ರೂಮ್‌ಮೇಟ್ ಕೇಳಿದ್ದೂ ಅದನ್ನೇ: ‘ಗ್ಯಾರಂಟಿ ಯೋಜನೆಗಳ ಬಗ್ಗೆ ಏನ್ ಹೇಳ್ತಾನಂತೆ?’ ಏನೂ ಹೇಳುವುದಿಲ್ಲ. ಮ್ಯೂಲರ್ ಮೊದಲು ಪಕ್ಕಕ್ಕಿಡುವುದೇ ಈ ಅರ್ಥವನ್ನು.

ಮ್ಯೂಲರ್ ಜರ್ಮನಿಯವರು, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಸಿದ್ಧಾಂತ ಕಲಿಸುತ್ತಾರೆ. 2016ರಲ್ಲಿ ಬಂದ ಈ ಪುಸ್ತಕ ತೆಳ್ಳಗಿದೆ. ನಮ್ಮ ಮೇಷ್ಟ್ರು ಹಾಕಿದ ಷರತ್ತು ಒಂದೇ: ಪುಸ್ತಕ ಏನು ಹೇಳುತ್ತದೆ ಎಂಬುದಕ್ಕೆ ಅರ್ಧ, ಅದು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದಕ್ಕೆ ಅರ್ಧ. ಮೊದಲರ್ಧ ಸುಲಭವಾಗಿತ್ತು, ಏಕೆಂದರೆ ಮ್ಯೂಲರ್ ಅವರ ವಾದದ ಬೆನ್ನೆಲುಬು ಒಂದೇ. ಪ್ರಭಾವಿಗಳನ್ನು, ಅಧಿಕಾರಸ್ಥರನ್ನು ಬೈದ ಮಾತ್ರಕ್ಕೆ ಯಾರೂ ಪಾಪ್ಯುಲಿಸ್ಟ್ ಆಗುವುದಿಲ್ಲ. ಆ ಕೆಲಸವನ್ನು ಯಾವ ವಿರೋಧ ಪಕ್ಷವಾದರೂ ಮಾಡುತ್ತದೆ. ‘ಜನರನ್ನು ಪ್ರತಿನಿಧಿಸುವವರು ನಾವು, ನಾವು ಮಾತ್ರ’ ಎಂದಾಗ ಪಾಪ್ಯುಲಿಸಂ ಶುರುವಾಗುತ್ತದೆ. ಹಾಗೆಂದ ಮೇಲೆ ಎದುರಾಳಿಗಳು ಬೇರೆ ಅಭಿಪ್ರಾಯದವರಾಗಿ ಉಳಿಯುವುದಿಲ್ಲ, ‘ನಿಜವಾದ ಜನ’ರ ಲೆಕ್ಕದಿಂದಲೇ ಹೊರಬೀಳುತ್ತಾರೆ. ಇದು ನೈತಿಕ ಹಕ್ಕೊತ್ತಾಯವೇ ಹೊರತು ತಲೆ ಎಣಿಸಿ ಹೇಳಿದ ಮಾತಲ್ಲ ಎನ್ನುತ್ತಾರೆ ಮ್ಯೂಲರ್. ಹಾಗಾಗಿಯೇ ಮತ ಎಣಿಕೆಯಿಂದ ಅದನ್ನು ಸುಳ್ಳೆಂದು ತೋರಿಸುವುದು ಕಷ್ಟ. ಹಂಗರಿಯ ವಿಕ್ಟರ್ ಒರ್ಬಾನ್ 2002ರ ಚುನಾವಣೆಯಲ್ಲಿ ಸೋತ ಮೇಲೆ, ತಾಯ್ನಾಡು ವಿರೋಧ ಪಕ್ಷದಲ್ಲಿ ಕೂರಲು ಸಾಧ್ಯವಿಲ್ಲ ಎಂಬರ್ಥದ ಮಾತಾಡಿದ್ದರು. ಪಕ್ಷ ಸೋತಿತ್ತು, ಆದರೆ ಅವರ ಪ್ರಕಾರ ನಾಡು ಅವರ ಪಕ್ಷದ ಜೊತೆಗೇ ಇತ್ತು.

ಈ ವ್ಯಾಖ್ಯಾನ ಎಷ್ಟು ಗಟ್ಟಿ ಎಂದು ನೋಡಲು ನಾನು ಆರಿಸಿಕೊಂಡದ್ದು ಹಂಗರಿಯಲ್ಲೇ, ಪುಸ್ತಕ ಬಂದ ವರ್ಷವೇ ನಡೆದ ಒಂದು ಜನಮತಗಣನೆ. 2015ರಲ್ಲಿ ಐರೋಪ್ಯ ಒಕ್ಕೂಟ 1,20,000 ನಿರಾಶ್ರಿತರನ್ನು ಸದಸ್ಯ ದೇಶಗಳಿಗೆ ಹಂಚಲು ತೀರ್ಮಾನಿಸಿತು. ಹಂಗರಿಯ ಪಾಲಿಗೆ ಬಂದವರು 1,294. ನಮ್ಮ ಸಂಸತ್ತಿನ ಒಪ್ಪಿಗೆಯಿಲ್ಲದೆ ಹೀಗೆ ಜನರನ್ನು ಕಳಿಸಬಹುದೇ ಎಂದು ಸರ್ಕಾರ 2016ರ ಅಕ್ಟೋಬರ್ 2ರಂದು ಮತದಾರರನ್ನು ಕೇಳಿತು. ಉತ್ತರ ಕೊಟ್ಟವರಲ್ಲಿ ಶೇ 98ರಷ್ಟು ಮಂದಿ ‘ಬೇಡ’ ಎಂದರು.

ಇಷ್ಟೇ ಓದಿದರೆ ಇಡೀ ದೇಶ ಒಂದೇ ದನಿಯಲ್ಲಿ ಮಾತಾಡಿದಂತೆ ಕಾಣುತ್ತದೆ. ಆದರೆ ಜನಮತಗಣನೆ ಊರ್ಜಿತವಾಗಬೇಕಾದರೆ ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಿಂಧು ಮತ ಹಾಕಿರಬೇಕು. ಈ ನಿಯಮ ಇದ್ದದ್ದು ಒರ್ಬಾನ್ ಅವರ ಪಕ್ಷವೇ 2011ರಲ್ಲಿ ತನ್ನ ಬಹುಮತದ ಬಲದಿಂದ ಅಂಗೀಕರಿಸಿದ ಹೊಸ ಸಂವಿಧಾನದಲ್ಲಿ. ಸಿಂಧು ಮತ ಬಿದ್ದದ್ದು ಶೇ 41ರಷ್ಟು ಮಾತ್ರ. ಉಳಿದವರಲ್ಲಿ ಬಹುತೇಕರು ಮನೆಯಲ್ಲೇ ಉಳಿದರು. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಮತಗಟ್ಟೆಯವರೆಗೆ ಹೋಗಿ ಮತಪತ್ರವನ್ನು ಕೆಡಿಸಿ ಬಂದರು. ಕಾನೂನಿನ ಪ್ರಕಾರ ಆ ಮತದಾನಕ್ಕೆ ಬೆಲೆಯಿಲ್ಲ. ಒರ್ಬಾನ್ ಮಾತ್ರ ಅದನ್ನು ಗೆಲುವೆಂದೇ ಕರೆದು, ಜನರ ಇಚ್ಛೆಯನ್ನು ಸಂವಿಧಾನಕ್ಕೆ ಸೇರಿಸುವುದಾಗಿ ಅಂದೇ ಘೋಷಿಸಿದರು.

ಮ್ಯೂಲರ್ ಅವರ ವಾದ ಇಲ್ಲಿ ಎದ್ದು ನಿಲ್ಲುತ್ತದೆ. ಮತಗಟ್ಟೆಗೆ ಬಾರದವರು, ಮತ ಕೆಡಿಸಿದವರು ಸೇರಿದರೆ ಅರ್ಧಕ್ಕಿಂತ ಹೆಚ್ಚು ಹಂಗರಿ. ಆದರೆ ಅವರು ‘ಜನ’ ಎಂಬ ಮಾತಿನಿಂದಲೇ ಮಾಯವಾದರು. ಉತ್ತರ ಏನಿರಬೇಕು ಎಂಬುದು ಮೊದಲೇ ಗೊತ್ತಿತ್ತು, ಜನರನ್ನು ಕರೆದದ್ದು ಅದಕ್ಕೆ ಹೆಬ್ಬೆಟ್ಟು ಒತ್ತಲು.

ನನಗೆ ಪುಸ್ತಕದ ಮಿತಿ ಕಂಡದ್ದು ಆಮೇಲೆ ನಡೆದದ್ದನ್ನು ಓದಿದಾಗ. ಘೋಷಿಸಿದ ತಿದ್ದುಪಡಿ ನವೆಂಬರಿನಲ್ಲಿ ಸಂಸತ್ತಿಗೆ ಬಂತು. ಬೇಕಿದ್ದದ್ದು 133 ಮತ, ಸಿಕ್ಕಿದ್ದು 131. ಹಿಂದಿನ ವರ್ಷ ಎರಡು ಉಪಚುನಾವಣೆಗಳಲ್ಲಿ ಸೋತು ಆಳುವ ಪಕ್ಷ ಮೂರನೇ ಎರಡರಷ್ಟು ಬಹುಮತವನ್ನು ಕಳೆದುಕೊಂಡಿತ್ತು. 2018ರ ಚುನಾವಣೆಯಲ್ಲಿ ಅದು ಮರಳಿ ಸಿಕ್ಕಿತು; ಅದೇ ಜೂನ್‌ನಲ್ಲಿ, ಹೊರಗಿನವರನ್ನು ತಂದು ನೆಲೆಗೊಳಿಸುವುದನ್ನು ನಿಷೇಧಿಸುವ ತಿದ್ದುಪಡಿ ಪಾಸಾಯಿತು. ಅಂದರೆ ಒರ್ಬಾನ್ ಅವರನ್ನು ತಡೆದದ್ದು ಬಿದ್ದುಹೋದ ಜನಮತಗಣನೆಯಲ್ಲ, ಎರಡು ಮತ.

ಆ ಮೂರನೇ ಎರಡು ಎಲ್ಲಿಂದ ಬಂತು? 2014ರಲ್ಲಿ ಅವರ ಪಕ್ಷಕ್ಕೆ ಸುಮಾರು ಶೇ 45 ಮತ, 199ರಲ್ಲಿ 133 ಸ್ಥಾನ. ಅದಕ್ಕೆ ಮುನ್ನ ಚುನಾವಣಾ ಕಾನೂನನ್ನು ಅವರೇ ಬದಲಿಸಿದ್ದರು: ಎರಡು ಸುತ್ತಿನ ಮತದಾನ ಒಂದಾಯಿತು, ಕ್ಷೇತ್ರಗಳ ಗಡಿ ಬದಲಾಯಿತು, ಕ್ಷೇತ್ರ ಗೆದ್ದವರ ಹೆಚ್ಚುವರಿ ಮತಗಳೂ ಪಕ್ಷದ ಪಟ್ಟಿಯ ಲೆಕ್ಕಕ್ಕೆ ಸೇರತೊಡಗಿದವು. ಕಡಿಮೆ ಮತಕ್ಕೆ ಹೆಚ್ಚು ಸೀಟು ಬರುವುದು ನಮಗೇನೂ ಹೊಸದಲ್ಲ, ನಮ್ಮ ಪದ್ಧತಿಯೇ ಹಾಗಿದೆ. ಆದರೆ ಗೆದ್ದವರೇ, ಎದುರಾಳಿಯ ಒಪ್ಪಿಗೆ ಇಲ್ಲದೆ, ಮುಂದಿನ ಆಟದ ನಿಯಮ ಬರೆಯುವುದು ಬೇರೆ ವಿಷಯ. ಅಧಿಕಾರಕ್ಕೆ ಬಂದ ಪಾಪ್ಯುಲಿಸ್ಟರು ಆಡಳಿತದಲ್ಲಿ ತಮ್ಮವರನ್ನು ತುಂಬುವುದು, ತಮ್ಮ ಬೆಂಬಲಿಗರಿಗಷ್ಟೇ ಸವಲತ್ತು ಹಂಚುವುದು, ಟೀಕಿಸುವ ಸಂಘಟನೆಗಳಿಗೆ ವಿದೇಶಿ ಕೈಗೊಂಬೆಯೆಂಬ ಹಣೆಪಟ್ಟಿ ಕಟ್ಟುವುದು ಇವೆಲ್ಲವನ್ನೂ ಮ್ಯೂಲರ್ ಚೆನ್ನಾಗಿ ವಿವರಿಸುತ್ತಾರೆ. ಆದರೆ ಸೀಟಿನ ಈ ಗಣಿತಕ್ಕೆ ಅವರು ಕೊಡುವ ಜಾಗ ಕಡಿಮೆ. ನಾಯಕನ ಮಾತಿಗೆ ಕಿವಿಗೊಟ್ಟಷ್ಟು ಅವನ ಕೈಯಲ್ಲಿರುವ ಸಲಕರಣೆಗಳ ಕಡೆ ಕಣ್ಣು ಹಾಯಿಸುವುದಿಲ್ಲ.

ಸೆಮಿನಾರಿನಲ್ಲಿ ಇದನ್ನು ಮಂಡಿಸಿದಾಗ ಹಿಂದಿನ ಬೆಂಚಿನ ಗೆಳತಿಯೊಬ್ಬಳು ಕೇಳಿದಳು, ‘ಹಾಗಾದರೆ ಇಂದಿರಾ ಗಾಂಧಿಯವರನ್ನು ಎಲ್ಲಿಡ್ತೀಯ?’ ಒಳ್ಳೆಯ ಪ್ರಶ್ನೆ. ಇಂದಿರಾ ಎಂದರೆ ಇಂಡಿಯಾ ಎಂದು ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ಸಾರಿದ್ದರು. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದವರು ಜೈಲಿನಲ್ಲಿದ್ದರು, ಪತ್ರಿಕೆಗಳಿಗೆ ಸೆನ್ಸಾರ್ ಇತ್ತು, 1976ರಲ್ಲಿ 42ನೇ ತಿದ್ದುಪಡಿಯನ್ನು ಪಾಸು ಮಾಡುವಷ್ಟು ಬಹುಮತವೂ ಇತ್ತು. ಮ್ಯೂಲರ್ ಹೇಳುವ ಲಕ್ಷಣಗಳಲ್ಲಿ ಹೆಚ್ಚಿನವು ಕಾಣುತ್ತವೆ. ಆದರೂ 1977ರಲ್ಲಿ ಚುನಾವಣೆ ನಡೆಯಿತು. ಇಂದಿರಾ ರಾಯ್‌ಬರೇಲಿಯಲ್ಲಿ ತಾವೇ ಸೋತರು, ಸೋಲೊಪ್ಪಿ ಇಳಿದರು, ಮರುವರ್ಷ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಮರಳಿದರು. ‘ನಾವೇ ಜನ’ ಎಂದವರಲ್ಲಿ ಯಾರು ಸೋಲನ್ನು ಒಪ್ಪುತ್ತಾರೆ, ಯಾರು ಒಪ್ಪುವುದಿಲ್ಲ ಎಂಬುದನ್ನು ಈ ವ್ಯಾಖ್ಯಾನ ಮೊದಲೇ ಹೇಳಲಾರದು. ಅದು ರೋಗದ ಹೆಸರು ಹೇಳುತ್ತದೆ. ಎಷ್ಟು ಉಲ್ಬಣವಾದೀತು ಎನ್ನುವುದಿಲ್ಲ.

ಮತದಾರರ ವಿಷಯದಲ್ಲೂ ಪುಸ್ತಕ ಜಿಪುಣ. ಜನ ಹತಾಶೆಯಿಂದ, ಸಿಟ್ಟಿನಿಂದ ಇವರಿಗೆ ಮತ ಹಾಕುತ್ತಾರೆ ಎಂಬ ಸುಲಭದ ವಿವರಣೆಯನ್ನು ಮ್ಯೂಲರ್ ಒಪ್ಪುವುದಿಲ್ಲ, ಅದು ಮತದಾರರನ್ನು ಕೀಳಾಗಿ ಕಾಣುತ್ತದೆ ಎಂಬುದು ಅವರ ಆಕ್ಷೇಪ. ಅದು ನನಗೂ ಒಪ್ಪಿಗೆ. ಆದರೆ ಬದಲಿಗೆ ಅವರು ಕೊಡುವುದು ತೀರಾ ಅಲ್ಪ. ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ 2019ರಲ್ಲಿ ತಂದ ‘ಕಲ್ಚರಲ್ ಬ್ಯಾಕ್‌ಲ್ಯಾಶ್’ ಸಮೀಕ್ಷೆಗಳ ರಾಶಿಯನ್ನೇ ಹರಡಿಕೊಂಡು, ಸಮಾಜದ ಮೌಲ್ಯಗಳು ಬದಲಾದಾಗ ತಮ್ಮ ಕಾಲ ಮುಗಿಯಿತೆಂದು ಅನ್ನಿಸಿದವರ ಪ್ರತಿಕ್ರಿಯೆಯನ್ನು ಅಳೆಯಲು ನೋಡುತ್ತದೆ. ಅದು ಓದಲು ದಪ್ಪ, ಒಣ. ಮ್ಯೂಲರ್ ಬಿಟ್ಟ ಜಾಗವನ್ನು ತುಂಬಲು ಮಾತ್ರ ಬೇಕೇ ಬೇಕು.

ಪಾಪ್ಯುಲಿಸ್ಟರನ್ನು ದೂರವಿಡಬೇಡಿ, ಅವರೊಡನೆ ವಾದಕ್ಕಿಳಿಯಿರಿ ಎಂಬುದು ಮ್ಯೂಲರ್ ಕೊನೆಯಲ್ಲಿ ಕೊಡುವ ಸಲಹೆ. ಅವರು ಇನ್ನೂ ವಿರೋಧ ಪಕ್ಷದಲ್ಲಿರುವ ದೇಶಗಳಿಗೆ ಇದು ಸರಿ. ಆದರೆ ಹಂಗರಿಯಲ್ಲಿ 2022ರ ಚುನಾವಣೆಯ ಹೊತ್ತಿಗೆ ಆರು ವಿರೋಧ ಪಕ್ಷಗಳು ಸೇರಿ ಪ್ರಧಾನಿ ಅಭ್ಯರ್ಥಿಯಾಗಿ ನಿಲ್ಲಿಸಿದ್ದ ಪೀಟರ್ ಮಾರ್ಕಿ-ಝೈ ಅವರಿಗೆ, ಇಡೀ ಪ್ರಚಾರದಲ್ಲಿ ಸರ್ಕಾರಿ ಟಿ.ವಿ.ಯಲ್ಲಿ ಮಾತಾಡಲು ಸಿಕ್ಕಿದ್ದು ಐದು ನಿಮಿಷ.