ಬಾಗಿಲಲ್ಲಿ ನಿಂತು ಪರೀಕ್ಷಿಸಬಹುದಾದ ಮಾತು

ಸಂಜೆ ಏಳೂವರೆ. ದಾವಣಗೆರೆಯ ಮನೆಯೊಂದರಲ್ಲಿ ಮಗಳು ಅಪ್ಪನ ಲ್ಯಾಬ್ ರಿಪೋರ್ಟ್ ಹಿಡಿದು, ಮೊಬೈಲ್‌ನಲ್ಲಿ ‘ಶುಗರ್ ಡಾಕ್ಟರ್ ದಾವಣಗೆರೆ’ ಎಂದು ಹುಡುಕುತ್ತಾಳೆ. ತೆರೆಯ ಮೇಲೆ ಸಾಲು ಸಾಲಾಗಿ ಕ್ಲಿನಿಕ್‌ಗಳು ಬರುತ್ತವೆ. ಪ್ರತಿಯೊಂದಕ್ಕೂ ದಪ್ಪ ಅಕ್ಷರದ ಒಂದು ಶೀರ್ಷಿಕೆ, ಅದರ ಕೆಳಗೆ ಎರಡು ಸಾಲಿನ ವಿವರಣೆ. ಎಲ್ಲಿಗೆ ಹೋಗಬೇಕೆಂದು ಅವಳು ತೀರ್ಮಾನಿಸುವುದು ಬಹುಮಟ್ಟಿಗೆ ಅಷ್ಟನ್ನೇ ಓದಿ.

ಆ ಸಾಲುಗಳು ಪುಟವನ್ನು ತೆರೆದರೆ ಕಾಣಿಸುವುದಿಲ್ಲ. ಪುಟದ ಕೋಡ್‌ನ ತಲೆಭಾಗದಲ್ಲಿ ಕುಳಿತಿರುವ ಇವನ್ನು ಮೆಟಾಡೇಟಾ ಎನ್ನುತ್ತಾರೆ. ನಮ್ಮ ಊರುಗಳ ಕ್ಲಿನಿಕ್ ಪುಟಗಳಲ್ಲಿ ಇವು ಹೇಗಿರುತ್ತವೆ ಎಂಬುದಕ್ಕೆ ಒಂದು ಮಾದರಿ ಕಲ್ಪಿಸಿಕೊಳ್ಳೋಣ:

```html
<title>ನಂಬರ್ 1 ಬೆಸ್ಟ್ ಮಧುಮೇಹ ತಜ್ಞ | ಶುಗರ್ ಬುಡಸಮೇತ ವಾಸಿ, 100% ಗ್ಯಾರಂಟಿ | ದಾವಣಗೆರೆ ಹರಿಹರ ಜಗಳೂರು</title>
```

ಈ ಸಾಲನ್ನು ತುಂಡು ತುಂಡಾಗಿ ಬಿಡಿಸಿ ನೋಡೋಣ.

‘ನಂಬರ್ 1’, ‘ಬೆಸ್ಟ್’. ಜನ ‘ಬೆಸ್ಟ್ ಡಾಕ್ಟರ್’ ಎಂದೇ ಹುಡುಕುತ್ತಾರಲ್ಲ, ನಾವೂ ಬರೆದರೆ ತಪ್ಪೇನು ಎಂದು ವೆಬ್‌ಸೈಟ್ ಮಾಡಿಕೊಟ್ಟವರು ಕೇಳುತ್ತಾರೆ. ಆದರೆ ತಾನೇ ಬೆಸ್ಟ್ ಎಂದು ಪುಟ ಹೇಳಿಕೊಂಡ ಮಾತ್ರಕ್ಕೆ ಗೂಗಲ್ ನಂಬುವುದಿಲ್ಲ. ಊರಿನ ಹುಡುಕಾಟಕ್ಕೆ ತಾನು ನೋಡುವುದು ಮುಖ್ಯವಾಗಿ ಮೂರು ಸಂಗತಿ ಎಂದು ಗೂಗಲ್ಲೇ ಹೇಳಿದೆ: ಕೇಳಿದ್ದಕ್ಕೂ ಕ್ಲಿನಿಕ್‌ಗೂ ಎಷ್ಟು ಹೊಂದಿಕೆ, ಹುಡುಕುವವರಿಂದ ಎಷ್ಟು ದೂರ, ಅದು ಎಷ್ಟು ಹೆಸರಾಗಿದೆ. ಶೀರ್ಷಿಕೆ ನೆರವಾಗುವುದು ಮೊದಲನೆಯದಕ್ಕೆ. ‘ಸಕ್ಕರೆ ಕಾಯಿಲೆ’ ಮತ್ತು ‘ದಾವಣಗೆರೆ’ ಎಂಬ ಎರಡು ಪದ ಆ ಕೆಲಸವನ್ನು ಆಗಲೇ ಮುಗಿಸಿರುತ್ತವೆ. ‘ಬೆಸ್ಟ್’ ಬರೀ ಜಾಗ ತಿನ್ನುತ್ತದೆ.

‘ಮಧುಮೇಹ ತಜ್ಞ’. ಇದು ಇನ್ನೂ ಸೂಕ್ಷ್ಮ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಗಳ ಪ್ರಕಾರ, ಆ ಶಾಖೆಯಲ್ಲಿ ವಿಶೇಷ ಅರ್ಹತೆ ಇಲ್ಲದ ವೈದ್ಯರು ತಾವು ತಜ್ಞರೆಂದು ಹೇಳಿಕೊಳ್ಳುವಂತಿಲ್ಲ. ಎಂ.ಬಿ.ಬಿ.ಎಸ್. ಆದ ಮೇಲೆ ಕೆಲವು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿದವರು ಈ ಪದ ಹಾಕಿಕೊಂಡರೆ, ಅದು ಕೋಡ್‌ನೊಳಗೆ ಅಡಗಿದೆ ಎಂಬ ಕಾರಣಕ್ಕೆ ಸರಿಯಾಗುವುದಿಲ್ಲ. ಪದವಿಯನ್ನು ಇರುವಂತೆಯೇ ಬರೆಯುವುದು ಸುರಕ್ಷಿತ. ಅದೇ ನಿಯಮಗಳು ರೋಗಿಗಳನ್ನು ಸೆಳೆಯುವ ಪ್ರಚಾರವನ್ನು ತಡೆದರೂ, ವೃತ್ತಿ ಆರಂಭ, ವಿಳಾಸ ಬದಲಾವಣೆ, ರಜೆಯ ನಂತರ ಮರಳಿ ಬಂದದ್ದು, ಶುಲ್ಕ ಇಂಥವನ್ನು ಸಾರ್ವಜನಿಕವಾಗಿ ತಿಳಿಸಲು ಅವಕಾಶ ಕೊಡುತ್ತವೆ. ಗಮನಿಸಿದರೆ, ಹುಡುಕುವವರಿಗೆ ಬೇಕಾದದ್ದೂ ಹೆಚ್ಚುಕಡಿಮೆ ಇವೇ.

‘ಬುಡಸಮೇತ ವಾಸಿ, 100% ಗ್ಯಾರಂಟಿ’. ಇಲ್ಲಿ ವಿಷಯ ಕಾನೂನಿನ ಹೊಸ್ತಿಲು ತುಳಿಯುತ್ತದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ 1954ರಲ್ಲೇ ಬಂದಿದೆ. ಅದರ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ಇಂಥ ಔಷಧಿಯಿಂದ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವಂತಿಲ್ಲ. ಆ ಪಟ್ಟಿಯಲ್ಲಿ ಮಧುಮೇಹವಿದೆ, ರಕ್ತದೊತ್ತಡವಿದೆ, ಬೊಜ್ಜೂ ಇದೆ.

ಕಾನೂನನ್ನು ಬದಿಗಿಟ್ಟರೂ ಮಾತು ವೈದ್ಯಕೀಯವಾಗಿ ನಿಲ್ಲುವುದಿಲ್ಲ. ಟೈಪ್ 2 ಮಧುಮೇಹದಲ್ಲಿ ತೂಕ ಗಣನೀಯವಾಗಿ ಇಳಿದಾಗ ಕೆಲವರ ಸಕ್ಕರೆ ಹತೋಟಿಗೆ ಬಂದು ಮಾತ್ರೆ ನಿಲ್ಲುವುದುಂಟು. ಸಕ್ಕರೆ ಇಳಿಸುವ ಔಷಧಿ ಬಿಟ್ಟು ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ ಶೇ. 6.5ಕ್ಕಿಂತ ಕೆಳಗಿದ್ದರೆ ಅದನ್ನು ‘ರೆಮಿಷನ್’ ಎನ್ನಬಹುದೆಂದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತಕ್ಕೆ ಬಂದರು. ಅವರು ‘ವಾಸಿ’ ಎಂಬ ಪದ ಬಳಸಲಿಲ್ಲ, ಏಕೆಂದರೆ ಕಾಯಿಲೆ ಮರಳಬಹುದು, ತಪಾಸಣೆ ನಿಲ್ಲಿಸುವಂತಿಲ್ಲ. ಇಷ್ಟೆಲ್ಲ ಷರತ್ತು ಶೀರ್ಷಿಕೆಯಲ್ಲಿ ಹಿಡಿಸುವುದಿಲ್ಲ. ಷರತ್ತು ಹಿಡಿಸದ ಕಡೆ ಆ ಮಾತನ್ನೇ ಎತ್ತದಿರುವುದು ಲೇಸು.

‘ಹರಿಹರ, ಜಗಳೂರು’. ಕ್ಲಿನಿಕ್ ಇರುವುದು ದಾವಣಗೆರೆಯಲ್ಲಿ. ಹರಿಹರದಲ್ಲಿ ಕೂತು ಹುಡುಕುವವರಿಗೆ ಅಲ್ಲಿನ ಕ್ಲಿನಿಕ್‌ಗಳೇ ಹತ್ತಿರ. ಊರ ಹೆಸರು ಸೇರಿಸಿದರೆ ದೂರ ಕಡಿಮೆಯಾಗದು. ಒಂದೊಂದು ಊರಿಗೂ ಹೆಸರು ಮಾತ್ರ ಬದಲಿಸಿ ಒಂದೊಂದು ಪುಟ ಮಾಡುವುದು ಗೂಗಲ್‌ನ ಸ್ಪ್ಯಾಮ್ ನೀತಿಗೇ ವಿರುದ್ಧ. ‘ನಿಯರ್ ಮಿ’ ಎಂದು ಬರೆಯುವುದೂ ವ್ಯರ್ಥ, ಹುಡುಕುವವರು ಎಲ್ಲಿದ್ದಾರೆಂದು ಗೂಗಲ್‌ಗೆ ಫೋನಿನಿಂದಲೇ ತಿಳಿಯುತ್ತದೆ.

ಹಾಗಾದರೆ ಏನು ಬರೆಯಬೇಕು? ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ರೋಗಿ ಕ್ಲಿನಿಕ್‌ನ ಬಾಗಿಲಲ್ಲಿ ನಿಂತು, ಬೋರ್ಡನ್ನೂ ಗೋಡೆಯ ಮೇಲಿನ ನೋಂದಣಿ ಪತ್ರವನ್ನೂ ನೋಡಿ ‘ಹೌದು’ ಎನ್ನಬಹುದಾದ ಮಾತು ಮಾತ್ರ ಒಳಗೆ ಬರಲಿ. ಈ ಗೋಲಿನಿಂದ ಅಳೆದಾಗ ಅದೇ ಕ್ಲಿನಿಕ್‌ನ ಸಾಲುಗಳು ಹೀಗಾಗುತ್ತವೆ:

```html
<title>ಸಕ್ಕರೆ ಕಾಯಿಲೆ ಕ್ಲಿನಿಕ್, ವಿದ್ಯಾನಗರ, ದಾವಣಗೆರೆ</title>
<meta name="description" content="ಜನರಲ್ ಮೆಡಿಸಿನ್ ಎಂ.ಡಿ. ವೈದ್ಯರು. ಶುಗರ್ ತಪಾಸಣೆ, ಪಾದ ಪರೀಕ್ಷೆ, ಇನ್ಸುಲಿನ್ ಮಾರ್ಗದರ್ಶನ. ಸೋಮ–ಶನಿ ಸಂಜೆ 5ರಿಂದ 8. ಬಸ್ ಸ್ಟಾಪ್ ಎದುರು.">
```

ಕ್ಲಿನಿಕ್‌ಗೆ ತನ್ನದೇ ಹೆಸರಿದ್ದರೆ ಅದೂ ಶೀರ್ಷಿಕೆಗೆ ಸೇರಬೇಕು, ಬೋರ್ಡಿನಲ್ಲಿ ಇರುವಂತೆಯೇ. ಉದ್ದಕ್ಕೆ ಕಟ್ಟುನಿಟ್ಟಾದ ಮಿತಿಯಿಲ್ಲ, ತೆರೆಯ ಅಗಲಕ್ಕೆ ತಕ್ಕಂತೆ ಸಾಲು ಕತ್ತರಿಸಿಹೋಗುತ್ತದೆ. ಆದ್ದರಿಂದ ಮುಖ್ಯವಾದದ್ದು ಮೊದಲು ಬರಲಿ. ವಿವರಣೆಯ ಸಾಲು ಪುಟವನ್ನು ಮೇಲಕ್ಕೆ ಏರಿಸುವುದಿಲ್ಲ, ಅದರ ಕೆಲಸ ಓದಿದವರಿಗೆ ಇದು ತಮಗೆ ಸರಿಹೊಂದುವ ಜಾಗವೇ ಎಂದು ತಿಳಿಸುವುದು. ‘ಶುಗರ್’ ಎಂದು ಹುಡುಕುವವರೂ ‘ಸಕ್ಕರೆ ಕಾಯಿಲೆ’ ಎನ್ನುವವರೂ ಇರುವುದರಿಂದ ಎರಡೂ ಪದ ಸಹಜವಾಗಿ ಬಂದಿವೆ. ಹಿಂದೆ ಪದಗಳ ಪಟ್ಟಿ ತುರುಕುತ್ತಿದ್ದ `keywords` ಟ್ಯಾಗ್ ಮಾತ್ರ ಬೇಡ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಇಷ್ಟಾದರೂ ಗೂಗಲ್ ನಾವು ಬರೆದದ್ದನ್ನೇ ತೋರಿಸುತ್ತದೆಂಬ ಖಾತ್ರಿಯಿಲ್ಲ. ಶೀರ್ಷಿಕೆ ಒಂದು ಹೇಳಿ ಪುಟ ಇನ್ನೊಂದು ಹೇಳಿದರೆ, ಅಥವಾ ಪುಟವೆಲ್ಲ ಇಂಗ್ಲಿಷಿನಲ್ಲಿದ್ದು ಶೀರ್ಷಿಕೆ ಮಾತ್ರ ಕನ್ನಡದಲ್ಲಿದ್ದರೆ, ಅದು ತಾನೇ ಬೇರೆ ಸಾಲು ಕಟ್ಟಿಬಿಡಬಹುದು. ಕನ್ನಡದ ಶೀರ್ಷಿಕೆ ಬೇಕೆಂದರೆ ಪುಟವೂ ಕನ್ನಡದಲ್ಲಿರಬೇಕು.

ಬದಲಾವಣೆ ಫಲಿಸಿತೇ ಎಂದು ತಿಳಿಯಲು ವೈದ್ಯರು ಮಾಡುವ ಮೊದಲ ತಪ್ಪು, ಕ್ಲಿನಿಕ್‌ನಲ್ಲೇ ಕೂತು ತಮ್ಮ ಫೋನಿನಲ್ಲಿ ಹುಡುಕುವುದು. ಅಲ್ಲಿಂದ ಹುಡುಕಿದರೆ ತಮ್ಮದೇ ಮೊದಲು ಬಂದೀತು, ಅಷ್ಟು ಹತ್ತಿರದಲ್ಲಿದ್ದಾರೆ! ಗೂಗಲ್ ಸರ್ಚ್ ಕನ್ಸೋಲ್ ಉಚಿತವಾಗಿ ಸಿಗುತ್ತದೆ. ಜನ ಯಾವ ಪದ ಹಾಕಿ ಹುಡುಕಿದಾಗ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬುದನ್ನು ಅದರಲ್ಲಿ ನೋಡಬೇಕು. ಬದಲಾವಣೆಗೆ ಮುಂಚಿನ ಮೂರು ತಿಂಗಳನ್ನೂ ನಂತರದ ಮೂರು ತಿಂಗಳನ್ನೂ ಪಕ್ಕಪಕ್ಕ ಇಟ್ಟರೆ ಚಿತ್ರ ಸಿಗುತ್ತದೆ. ನಕ್ಷೆಯ ಜೊತೆ ಬರುವ ಕ್ಲಿನಿಕ್‌ಗಳ ಪಟ್ಟಿ ಮಾತ್ರ ಬೇರೆ ದಾರಿ. ಅಲ್ಲಿನ ಹೆಸರು, ಸಮಯ ಬರುವುದು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ. ಅಲ್ಲೂ ಕ್ಲಿನಿಕ್‌ನ ಹೆಸರಿಗೆ ‘ಬೆಸ್ಟ್ ಶುಗರ್ ಡಾಕ್ಟರ್’ ಎಂದು ಬಾಲ ಅಂಟಿಸುವುದಕ್ಕೆ ಅನುಮತಿಯಿಲ್ಲ.

ಆದರೆ ಅತಿಶಯದ ಮಾತನ್ನೆಲ್ಲ ತೆಗೆದ ಮೇಲೂ ಒಂದು ಸುಳ್ಳು ಒಳಗೆ ಉಳಿದುಕೊಳ್ಳಬಹುದು. ಡಾಕ್ಟರು ಸಂಜೆಯ ವೇಳೆಯನ್ನು ಏಳಕ್ಕೇ ಮುಗಿಸುತ್ತಿದ್ದಾರೆ, ಬೋರ್ಡಿನಲ್ಲೂ ಬದಲಾಗಿದೆ. ಕೋಡ್‌ನಲ್ಲಿ ಮಾತ್ರ ಇನ್ನೂ ‘5ರಿಂದ 8’. ಆ ಮಗಳು ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಏಳೂಮುಕ್ಕಾಲಿಗೆ ಬಂದಿಳಿದಾಗ ಷಟರ್ ಕೆಳಗಿರುತ್ತದೆ. ಗ್ಯಾರಂಟಿ ಕೊಟ್ಟು ಕೈಬಿಟ್ಟವರಿಗೂ ಇವರಿಗೂ ಅವಳ ಕಣ್ಣಿಗೆ ಆ ಹೊತ್ತಿನಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.