ಯಾವ ಊರಿಗೆ ಹೋಗೋಣ? ತೂಕದ ಕೋಷ್ಟಕದ ಲೆಕ್ಕ

ಹೊಟ್ಟೆಪಾಡಿಗಾಗಿ ಒಮ್ಮೆ ಊರು ಬಿಟ್ಟವನಿಗೆ ಎರಡನೆಯ ಸಲ ಊರು ಬದಲಿಸುವ ಪ್ರಸಂಗ ಬಂದಾಗ ಯೋಚನೆ ಹೆಚ್ಚು. ಮೊದಲ ಸಲ ಹೊರಟಾಗ ಕೈಯಲ್ಲಿ ಒಂದು ಪೆಟ್ಟಿಗೆ ಮಾತ್ರ ಇತ್ತು. ಈಗ ಹೆಂಡತಿ, ಶಾಲೆಗೆ ಹೋಗುವ ಮಗು, ಊರಿನಲ್ಲಿ ವಯಸ್ಸಾದ ತಂದೆತಾಯಿ, ಕಷ್ಟಪಟ್ಟು ಹಿಡಿದ ಬಾಡಿಗೆಯ ಮನೆ, ಎಲ್ಲವೂ ಇವೆ. ಆದರೂ ನಮ್ಮಲ್ಲಿ ಅನೇಕರು ಸಂಬಳದ ಮೊತ್ತವೊಂದನ್ನೇ ನೋಡಿ ಹೊರಡುತ್ತಾರೆ, ಇಲ್ಲವೆ ಸ್ನೇಹಿತನ ಮಾತಿಗೆ ಕಟ್ಟುಬಿದ್ದು ನಿಲ್ಲುತ್ತಾರೆ. ಇಂತಹ ಸಂದರ್ಭದಲ್ಲಿ ಒಂದು ಹಾಳೆ ಕಾಗದವೂ ಒಂದು ಪೆನ್ಸಿಲೂ ಮಾಡಬಲ್ಲ ಸಹಾಯವನ್ನು ಇಲ್ಲಿ ವಿವರಿಸುವ ಉದ್ದೇಶವಿದೆ.

ಈ ಉಪಾಯ ಹೊಸದಲ್ಲ. 1772ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಪಾದ್ರಿಯಾಗಿದ್ದ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಲಾರ್ಡ್ ಷೆಲ್ಬರ್ನ್ ಎಂಬ ಶ್ರೀಮಂತರಿಂದ ಕೆಲಸದ ಕರೆ ಬಂದಿತು. ಒಪ್ಪಿದರೆ ಸಂಸಾರ ಸಮೇತ ಊರು ಬಿಡಬೇಕು. ಅವರು ಬೆಂಜಮಿನ್ ಫ್ರಾಂಕ್ಲಿನ್ನರ ಸಲಹೆ ಕೇಳಿದರು. ಏನು ಮಾಡಬೇಕೆಂದು ಫ್ರಾಂಕ್ಲಿನ್ನರು ಹೇಳಲಿಲ್ಲ, ಹೇಗೆ ತೀರ್ಮಾನಿಸಬೇಕೆಂದು ಬರೆದರು. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಅನುಕೂಲಗಳನ್ನೂ ಇನ್ನೊಂದು ಕಡೆ ಪ್ರತಿಕೂಲಗಳನ್ನೂ ಮೂರು ನಾಲ್ಕು ದಿನ ಬರೆಯುತ್ತ ಹೋಗುವುದು. ಬಳಿಕ ಸಮತೂಕದವನ್ನು ಎರಡೂ ಕಡೆಯಿಂದ ಹೊಡೆದು ಹಾಕುತ್ತ ಬಂದು, ಉಳಿದುದು ಯಾವ ಕಡೆಯೋ ಆ ಕಡೆ ನಡೆಯುವುದು. ಪ್ರೀಸ್ಟ್ಲಿ ಕರೆಯನ್ನು ಒಪ್ಪಿ 1773ರಲ್ಲಿ ಕಾನ್ ಎಂಬ ಊರಿಗೆ ಹೋಗಿ ನೆಲೆಸಿದರು.

ಹೋಗುವುದೋ ಬಿಡುವುದೋ ಎಂಬ ಒಂದೇ ಪ್ರಶ್ನೆಗೆ ಆ ರೀತಿ ಸಾಕು. ಮೂರು ನಾಲ್ಕು ಊರುಗಳನ್ನು ಒಟ್ಟಿಗೆ ಹೋಲಿಸಬೇಕಾದಾಗ ಅದನ್ನೇ ಸ್ವಲ್ಪ ವಿಸ್ತರಿಸಿ ಕೋಷ್ಟಕ ಮಾಡಬೇಕಾಗುತ್ತದೆ. ಮುಖ್ಯವೆನಿಸಿದ ವಿಷಯಗಳಿಗೆ ಒಂದೊಂದು ಸಾಲು, ಊರುಗಳಿಗೆ ಒಂದೊಂದು ಕಂಬ. ಪ್ರತಿ ವಿಷಯಕ್ಕೂ ಒಂದು ತೂಕ. ಆ ವಿಷಯದಲ್ಲಿ ಪ್ರತಿ ಊರಿಗೂ ಒಂದು ಅಂಕ. ತೂಕದಿಂದ ಅಂಕವನ್ನು ಗುಣಿಸಿ, ಕಂಬದುದ್ದಕ್ಕೂ ಕೂಡಿಸಿದರೆ ಊರಿನ ಮೊತ್ತ ಬರುತ್ತದೆ. ಲೆಕ್ಕ ಇಷ್ಟೇ. ಜನ ತಪ್ಪುವುದು ಗುಣಾಕಾರದಲ್ಲಲ್ಲ, ತೂಕ ಹಾಕುವಲ್ಲಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕುಂದಾಪುರದ ಕಡೆಯ ಒಬ್ಬ ಲೆಕ್ಕದ ಗುಮಾಸ್ತ. ಡೊಂಬಿವಲಿಯಲ್ಲಿ ವಾಸ, ಮುಂಬಯಿಯ ಕೋಟೆ ಭಾಗದಲ್ಲಿ ಕೆಲಸ. ಹೆಂಡತಿ, ನಾಲ್ಕನೆಯ ತರಗತಿಯ ಮಗು. ಊರಿನಲ್ಲಿ ತಾಯಿಗೆ ಆರೋಗ್ಯ ಸರಿಯಿಲ್ಲ. ಪುಣೆ, ದಿಲ್ಲಿ ಮತ್ತು ಚೆನ್ನೈಗಳಿಂದ ಅವನಿಗೆ ಕರೆ ಬಂದಿದೆ. ಮುಂಬಯಿಯಲ್ಲೇ ಉಳಿಯುವುದೂ ಒಂದು ಆಯ್ಕೆಯೇ ಆದ್ದರಿಂದ ಅದಕ್ಕೂ ಒಂದು ಕಂಬ ಇರಲೇಬೇಕು.

ಕೋಷ್ಟಕ ಹಾಕುವ ಮೊದಲು ಒಂದು ಜರಡಿ ಹಿಡಿಯಬೇಕು. ಎಷ್ಟು ಸಂಬಳ ಕೊಟ್ಟರೂ ಒಪ್ಪಲಾಗದ ಸಂಗತಿಗಳಿದ್ದರೆ ಅವಕ್ಕೆ ಅಂಕ ಕೊಡಬಾರದು, ಆ ಊರನ್ನೇ ಬಿಟ್ಟುಬಿಡಬೇಕು. ಚೆನ್ನೈಯ ಹೊಟೇಲಿನವರು ಊಟ ವಸತಿ ಕೊಡುತ್ತಾರೆ; ಆದರೆ ವಸತಿ ಗಂಡಸರ ಸಾಮೂಹಿಕ ಕೋಣೆ, ಬೇರೆ ಮನೆ ಹಿಡಿಯಲು ಸಂಬಳ ಸಾಲದು. ಸಂಸಾರವನ್ನು ಅಗಲಿ ಇರುವುದಿಲ್ಲವೆಂದು ಈತ ನಿಶ್ಚಯಿಸಿದ್ದರೆ ಚೆನ್ನೈ ಇಲ್ಲಿಯೇ ಮುಗಿಯಿತು. ಅದನ್ನು ಕೋಷ್ಟಕದೊಳಗೆ ಬಿಟ್ಟರೆ ಊಟದ ಉಳಿತಾಯಕ್ಕೆ ಸಿಕ್ಕುವ ಅಂಕಗಳು ಅಗಲಿಕೆಯ ಕಷ್ಟವನ್ನು ಮುಚ್ಚಿಬಿಡುತ್ತವೆ.

ಇನ್ನು ವಿಷಯಗಳು. ಸಂಬಳ, ಬಾಡಿಗೆ, ಉಳಿತಾಯ ಎಂದು ಮೂರು ಸಾಲು ಬರೆಯುವುದು ಸಾಮಾನ್ಯವಾದ ತಪ್ಪು. ಅವು ಮೂರೂ ಒಂದೇ ಹಣ, ಮೂರು ಸಲ ಎಣಿಸಿದಂತಾಗುತ್ತದೆ. ಬಾಡಿಗೆ, ಮನೆವಾರ್ತೆ, ಶಾಲೆಯ ಶುಲ್ಕ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚಿನ ಹನ್ನೆರಡನೆಯ ಒಂದು ಪಾಲು, ಎಲ್ಲವನ್ನೂ ಕಳೆದು ತಿಂಗಳ ಕೊನೆಗೆ ಕೈಯಲ್ಲಿ ನಿಲ್ಲುವುದೆಷ್ಟು ಎಂಬ ಒಂದೇ ಸಾಲು ಸಾಕು. ನಮ್ಮ ಗುಮಾಸ್ತನಿಗೆ ಮುಂಬಯಿಯಲ್ಲಿ 32,000 ರೂಪಾಯಿ ಸಂಬಳ, ನಿಲ್ಲುವುದು 5,500. ಪುಣೆಯಲ್ಲಿ 33,000 ಸಂಬಳ, ನಿಲ್ಲುವುದು 7,500. ದಿಲ್ಲಿಯಲ್ಲಿ 38,000 ಸಂಬಳ, ನಿಲ್ಲುವುದು 10,500. ಉಳಿದ ಮೂರು ಸಾಲುಗಳು: ಊರಿಗೆ ಹೋಗಿಬರುವ ಅನುಕೂಲ, ಮಗುವಿನ ಓದು, ದಿನದ ಪ್ರಯಾಣದ ಹೊತ್ತು.

ಅಂಕ ಕೊಡುವ ಕ್ರಮ ಹೀಗೆ: ಪ್ರತಿ ಸಾಲಿನಲ್ಲೂ ತೀರ ಹಿಂದಿರುವ ಊರಿಗೆ 0, ಎಲ್ಲಕ್ಕಿಂತ ಮುಂದಿರುವ ಊರಿಗೆ 10, ನಡುವಿನದಕ್ಕೆ ಅದರ ಸ್ಥಾನಕ್ಕೆ ತಕ್ಕಂತೆ. ಹಣದಲ್ಲಿ ಮುಂಬಯಿಗೆ 0, ದಿಲ್ಲಿಗೆ 10. ನಡುವಣ ಅಂತರ 5,000 ರೂಪಾಯಿ. ಪುಣೆ ಮುಂಬಯಿಗಿಂತ 2,000 ಮುಂದಿರುವುದರಿಂದ ಅದಕ್ಕೆ 4. ದಿನದ ಪ್ರಯಾಣ ಮುಂಬಯಿಯಲ್ಲಿ ಮೂರೂವರೆ ಗಂಟೆ, ದಿಲ್ಲಿಯಲ್ಲಿ ಒಂದು, ಪುಣೆಯಲ್ಲಿ ಒಂದೂವರೆ. ಆದ್ದರಿಂದ ಕ್ರಮವಾಗಿ 0, 10, 8. ಊರಿನ ದಾರಿಯಲ್ಲಿ ಮುಂಬಯಿಗೆ 10. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದಂದಿನಿಂದ ಒಂದು ರಾತ್ರಿಯ ಪ್ರಯಾಣ ಅದು. ದಿಲ್ಲಿಯಿಂದ ಒಂದೂವರೆ ದಿನಕ್ಕೂ ಮಿಕ್ಕುವುದರಿಂದ 0. ಪುಣೆಗೆ 6 ಎಂದಿಟ್ಟುಕೊಳ್ಳೋಣ. ಮಗುವಿನ ಓದಿನಲ್ಲಿ ಏನೂ ಬದಲಾಗದ ಮುಂಬಯಿಗೆ 10. ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾನೂನಿನಿಂದ ಮರಾಠಿ ಕಡ್ಡಾಯವಾಗಿದೆ; ಮಗು ಕಲಿತ ಮರಾಠಿ ಪುಣೆಯಲ್ಲಿ ಉಪಯೋಗಕ್ಕೆ ಬರುತ್ತದೆ, ಪಠ್ಯವನ್ನೂ ಬದಲಿಸಬೇಕಾಗಿಲ್ಲ. ಅದಕ್ಕೆ 8. ದಿಲ್ಲಿಯಲ್ಲಿ ಪಠ್ಯಕ್ರಮವೇ ಬೇರೆ, 0.

ಈಗ ತೂಕ. “ನಿನಗೆ ಯಾವುದು ಮುಖ್ಯ?” ಎಂದು ಕೇಳಿದರೆ ನಮ್ಮವರು “ಹಣ” ಎನ್ನುತ್ತಾರೆ, ಅದಕ್ಕಾಗಿಯೇ ತಾನೇ ಊರು ಬಿಟ್ಟದ್ದು? ಈತನೂ ಹಾಗೆಯೇ ನೂರರಲ್ಲಿ ಹಣಕ್ಕೆ 50, ಮಗುವಿನ ಓದಿಗೆ 20, ಊರಿನ ದಾರಿಗೂ ಪ್ರಯಾಣಕ್ಕೂ ತಲಾ 15 ಹಾಕಿದನೆನ್ನಿ. ಮುಂಬಯಿಗೆ 350, ಪುಣೆಗೆ 570, ದಿಲ್ಲಿಗೆ 650 ಬರುತ್ತದೆ. ದಿಲ್ಲಿಗೆ ಟಿಕೀಟು ತೆಗೆಯಬಹುದು!

ಆದರೆ ಕೇಳಿದ ಪ್ರಶ್ನೆಯೇ ತಪ್ಪು. ಜೀವನದಲ್ಲಿ ಹಣ ಎಷ್ಟು ಮುಖ್ಯವೆಂಬುದು ಇಲ್ಲಿ ಲೆಕ್ಕಕ್ಕಿಲ್ಲ; ಈ ಮೂರು ಊರುಗಳ ನಡುವೆ ಇರುವ ಹಣದ ವ್ಯತ್ಯಾಸ ಎಷ್ಟು ಮುಖ್ಯವೆಂಬುದು ಲೆಕ್ಕ. ಮೂರೂ ಊರುಗಳಲ್ಲಿ ಉಳಿಯುವ ಹಣ ನೂರಿನ್ನೂರು ರೂಪಾಯಿಯಷ್ಟೇ ಹೆಚ್ಚುಕಡಿಮೆಯಾಗಿದ್ದರೆ, ಹಣ ಎಷ್ಟೇ ಮುಖ್ಯವಾದರೂ ಈ ತೀರ್ಮಾನದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಆದರೂ ಅದಕ್ಕೆ 50 ತೂಕ ಹಾಕಿದರೆ ಆ ನೂರಿನ್ನೂರೇ ಇಡೀ ಸಂಸಾರವನ್ನು ಎತ್ತಿಕೊಂಡು ಹೋಗುತ್ತದೆ.

ಸರಿಯಾದ ಪ್ರಶ್ನೆ ಹೀಗಿರಬೇಕು. ಎಲ್ಲದರಲ್ಲೂ 0 ಇರುವ ಒಂದು ಊರನ್ನು ಮನಸ್ಸಿನಲ್ಲಿ ಕಟ್ಟಿರಿ: ತಿಂಗಳಿಗೆ 5,500 ಮಾತ್ರ ಉಳಿಯುತ್ತದೆ, ಊರು ಒಂದೂವರೆ ದಿನದ ದಾರಿ, ಮಗುವಿಗೆ ಹೊಸ ಪಠ್ಯ, ದಿನಕ್ಕೆ ಮೂರೂವರೆ ಗಂಟೆ ಗಾಡಿಯಲ್ಲಿ. ಇವುಗಳಲ್ಲಿ ಒಂದನ್ನು ಮಾತ್ರ 0ಯಿಂದ 10ಕ್ಕೆ ಏರಿಸಬಹುದಾದರೆ ಯಾವುದನ್ನು ಏರಿಸುವಿರಿ? ತಾಯಿಯ ಸ್ಥಿತಿ ನೆನೆದು ಈತ ಊರಿನ ದಾರಿಯನ್ನು ಆರಿಸಿದ, ಅದಕ್ಕೆ 100. ಅದರೊಡನೆ ಹೋಲಿಸಿದರೆ ತಿಂಗಳಿಗೆ 5,000 ಹೆಚ್ಚು ಉಳಿಯುವುದು ಅವನಿಗೆ 80ರಷ್ಟು, ಮಗುವಿನ ಓದು ತಡೆಯಿಲ್ಲದೆ ಸಾಗುವುದು 40ರಷ್ಟು, ದಿನಕ್ಕೆ ಎರಡೂವರೆ ಗಂಟೆ ಉಳಿಯುವುದು 30ರಷ್ಟು. ತೂಕಗಳ ಮೊತ್ತ ನೂರೇ ಆಗಬೇಕೆಂದಿಲ್ಲ. ಒಂದಕ್ಕೊಂದರ ಪ್ರಮಾಣ ಸರಿಯಿದ್ದರೆ ಸಾಕು.

| ವಿಷಯ | ತೂಕ | ಮುಂಬಯಿ | ಪುಣೆ | ದಿಲ್ಲಿ |
|---|---|---|---|---|
| ಊರಿನ ದಾರಿ | 100 | 10 | 6 | 0 |
| ಉಳಿಯುವ ಹಣ | 80 | 0 | 4 | 10 |
| ಮಗುವಿನ ಓದು | 40 | 10 | 8 | 0 |
| ದಿನದ ಪ್ರಯಾಣ | 30 | 0 | 8 | 10 |
| ಮೊತ್ತ | | 1,400 | 1,480 | 1,100 |

ಅಂಕಗಳು ಹಿಂದಿನವೇ, ಊರುಗಳೂ ಅವೇ. ಪ್ರಶ್ನೆ ಬದಲಾದದ್ದರಿಂದ ಮೊದಲನೆಯದಾಗಿದ್ದ ದಿಲ್ಲಿ ಕೊನೆಗೆ ಹೋಯಿತು.

ಇಲ್ಲಿಗೇ ಪೆನ್ಸಿಲು ಕೆಳಗಿಡಬಾರದು. ಯಾವ ಅಂಕಿ ಎಷ್ಟು ಅಲುಗಿದರೆ ತೀರ್ಪು ಮಗುಚುತ್ತದೆ ಎಂಬುದನ್ನು ನೋಡಬೇಕು. ದಿಲ್ಲಿ ಪುಣೆಯನ್ನು ಮೀರಬೇಕಾದರೆ ಹಣದ ತೂಕ 80ರಿಂದ 143ನ್ನು ದಾಟಬೇಕು. ಅಂದರೆ ತಿಂಗಳಿಗೆ ಆ 5,000 ರೂಪಾಯಿ, ತಾಯಿಯ ಬಳಿಗೆ ಬೇಗ ತಲಪುವುದಕ್ಕಿಂತ ಸುಮಾರು ಒಂದೂವರೆ ಪಾಲು ದೊಡ್ಡದೆನಿಸಬೇಕು. ಹಾಗೆ ಅನಿಸುವುದಿಲ್ಲವಾದರೆ ದಿಲ್ಲಿಯ ಮಾತನ್ನು ನಿಶ್ಚಿಂತೆಯಿಂದ ಬಿಡಬಹುದು. ಪುಣೆ ಮತ್ತು ಮುಂಬಯಿಗಳ ಕಥೆ ಹಾಗಲ್ಲ. ಅಂತರ 80 ಮಾತ್ರ. ಹಣದ ಸಾಲಿನಲ್ಲಿ 500 ರೂಪಾಯಿಗೆ ಒಂದು ಅಂಕ, ಒಂದು ಅಂಕಕ್ಕೆ 80. ಪುಣೆಯ ಮನೆ ಬಾಡಿಗೆ ಎಣಿಸಿದ್ದಕ್ಕಿಂತ 500 ರೂಪಾಯಿ ಹೆಚ್ಚಾದರೆ ಎರಡು ಊರೂ ಸಮ. ಅದಕ್ಕೂ ಹೆಚ್ಚಾದರೆ ಮುಂಬಯಿಯೇ ಮೇಲು.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದಾಗಿ, ಮೊತ್ತ ನೋಡಿದ ಮೇಲೆ ತೂಕ ತಿದ್ದಲು ಕೈ ತುರಿಸಿದರೆ, ಬರೆಯದೆ ಬಿಟ್ಟ ಯಾವುದೋ ವಿಷಯ ಮನಸ್ಸಿನಲ್ಲಿದೆಯೆಂದು ತಿಳಿಯಬೇಕು. ಹಳೆಯ ಅಂಕಿಗಳನ್ನು ಗುಟ್ಟಾಗಿ ತಿದ್ದುವುದರ ಬದಲು ಆ ವಿಷಯಕ್ಕೆ ಹೆಸರಿಟ್ಟು ಹೊಸ ಸಾಲು ಸೇರಿಸುವುದು ಪ್ರಾಮಾಣಿಕವಾದ ದಾರಿ. ಗಂಡ ಹೆಂಡಿರು ಬೇರೆ ಬೇರೆ ಹಾಳೆಯಲ್ಲಿ ತೂಕ ಬರೆದು ಬಳಿಕ ಹೋಲಿಸಿದರೆ ಇಂತಹ ಮರೆತ ವಿಷಯಗಳು ಬೇಗ ಹೊರಬೀಳುತ್ತವೆ. ಎರಡನೆಯದಾಗಿ, ಒಂದು ಊರನ್ನು ಸೇರಿಸಿದಾಗ ಅಥವಾ ತೆಗೆದಾಗ 0 ಮತ್ತು 10ರ ಅರ್ಥವೇ ಬದಲಾಗುತ್ತದೆ. ದಿಲ್ಲಿಯನ್ನು ತೆಗೆದರೆ ಹಣದಲ್ಲಿ ಪುಣೆಯೇ 10 ಆಗುತ್ತದೆ. ಆದರೆ ಆ 10ರ ಬೆಲೆ ಈಗ 5,000 ಅಲ್ಲ, 2,000. ಹಳೆಯ 80ನ್ನೇ ಇಟ್ಟುಕೊಂಡರೆ ಲೆಕ್ಕ ಸುಳ್ಳಾಗುತ್ತದೆ. ತೂಕದ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಬೇಕು.

ಹಾಗಾದರೆ ಈ ಗುಮಾಸ್ತ ಈಗ ಮಾಡಬೇಕಾದುದೇನು? ರಾಜೀನಾಮೆ ಬರೆಯುವುದಲ್ಲ. ರಜೆಯ ದಿನ ಪುಣೆಗೆ ಹೋಗಿ, ಕೆಲಸದ ಜಾಗಕ್ಕೆ ಮುಕ್ಕಾಲು ಗಂಟೆಯೊಳಗಿನ ಎರಡು ಮೂರು ಮನೆಗಳನ್ನು ಕಣ್ಣಾರೆ ನೋಡಿ, ಬಾಡಿಗೆಯ ಜೊತೆಗೆ ನೀರಿನ ಮತ್ತು ನಿರ್ವಹಣೆಯ ಹಣ ಬೇರೆಯಾಗಿ ಕೊಡಬೇಕೇ ಎಂದು ಮನೆಯ ಯಜಮಾನರನ್ನು ಕೇಳುವುದು. ಆ ಐನೂರು ರೂಪಾಯಿ ಯಾವ ಕಡೆಗೆ ಬೀಳುತ್ತದೆಂದು ತಿಳಿದ ಮೇಲೆ ಉಳಿದ ತೀರ್ಮಾನ ಕಷ್ಟವಲ್ಲ.