ಮೂಲೆಯಿಂದ ಬಂದ ಚೆಂಡು ಎಲ್ಲಿ ಬೀಳಬೇಕು?

2019ರ ಮಾರ್ಚ್ 17, ಮುಂಬೈ. ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ, ಎಫ್‌ಸಿ ಗೋವಾ ಎರಡೂ ಗೋಲು ಕಾಣದೆ ಹೆಚ್ಚುವರಿ ಅವಧಿಯ ಕೊನೆಗೆ ಬಂದು ನಿಂತಿದ್ದವು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೇಕೆ ತಲೆಕೊಟ್ಟರು. ಅದೊಂದೇ ಗೋಲಿನಿಂದ ಕಪ್ ಬೆಂಗಳೂರಿಗೆ ಬಂತು.

ಇಂಥ ಗೋಲು ವರ್ಷಗಟ್ಟಲೆ ನೆನಪಿರುತ್ತದೆ. ವ್ಯರ್ಥವಾದ ಕಾರ್ನರ್‌ಗಳನ್ನು ಮಾತ್ರ ಯಾರೂ ನೆನಪಿಡುವುದಿಲ್ಲ. ದೊಡ್ಡ ಲೀಗ್‌ಗಳಲ್ಲಿ ನೂರು ಕಾರ್ನರ್ ಒದ್ದರೆ ಗೋಲಾಗುವುದು ಸುಮಾರು ಮೂರೋ ನಾಲ್ಕೋ. ಒಂದು ತಂಡಕ್ಕೆ ಪಂದ್ಯಕ್ಕೆ ಐದರ ಆಸುಪಾಸು ಕಾರ್ನರ್ ಸಿಗುತ್ತವೆ. ಅಂದರೆ ಕಾರ್ನರ್‌ನಿಂದ ಒಂದು ಗೋಲು ನೋಡಲು ಐದಾರು ಪಂದ್ಯ ಕಾಯಬೇಕು. ಯಾವ ಬಗೆಯ ಒದೆತ ಒಳ್ಳೆಯದು ಎಂದು ತೀರ್ಮಾನಿಸುವುದು ಕಷ್ಟವಾಗುವುದಕ್ಕೆ ಈ ಅಪರೂಪವೇ ಮೊದಲ ಕಾರಣ.

ಒದೆತದಲ್ಲಿ ಮುಖ್ಯವಾಗಿ ಮೂರು ಬಗೆ. ಗಾಳಿಯಲ್ಲಿ ತಿರುಗುತ್ತ ಗೋಲಿನ ಕಡೆಗೇ ಬಾಗಿ ಬರುವುದು ಇನ್‌ಸ್ವಿಂಗರ್. ಗೋಲಿನಿಂದ ಹೊರಕ್ಕೆ ಬಾಗುವುದು ಔಟ್‌ಸ್ವಿಂಗರ್. ಹತ್ತಿರ ಬಂದು ನಿಂತ ಜೊತೆಗಾರನಿಗೆ ಚೆಂಡು ದಾಟಿಸುವುದು ಶಾರ್ಟ್ ಕಾರ್ನರ್. ಬಲ ಮೂಲೆಯಿಂದ ಎಡಗಾಲಿನವನು ಒದ್ದರೆ ಚೆಂಡು ಒಳಕ್ಕೆ ಬಾಗುತ್ತದೆ, ಬಲಗಾಲಿನವನು ಒದ್ದರೆ ಹೊರಕ್ಕೆ.

ಯಾವುದು ಲೇಸು? ಹಳೆಯ ಕೋಚ್‌ಗಳಲ್ಲಿ ಅನೇಕರ ಒಲವು ಔಟ್‌ಸ್ವಿಂಗರ್ ಕಡೆಗೆ. ಚೆಂಡು ಗೋಲ್‌ಕೀಪರ್‌ನ ಕೈಗೆ ಸಿಗದೆ ದೂರ ಸರಿಯುತ್ತದೆ, ಎದುರಿನಿಂದ ಓಡಿ ಬರುವವನ ಹಣೆಗೆ ನೇರವಾಗಿ ಸಿಗುತ್ತದೆ ಎಂಬುದು ಅವರ ವಾದ. ಮ್ಯಾಂಚೆಸ್ಟರ್ ಸಿಟಿಯ ಕೋಚ್ ಆಗಿದ್ದ ರೊಬೆರ್ಟೊ ಮಾನ್ಚೀನಿ ಕೂಡ ಹಾಗೇ ನಂಬಿದ್ದರು. ಅವರದೇ ಕ್ಲಬ್ಬಿನ ವಿಶ್ಲೇಷಕರು ಬೇರೆ ಬೇರೆ ಲೀಗ್‌ಗಳ 400ಕ್ಕೂ ಹೆಚ್ಚು ಕಾರ್ನರ್‌ಗಳ ವಿಡಿಯೊ ನೋಡಿ, ಗೋಲು ತರುವುದರಲ್ಲಿ ಇನ್‌ಸ್ವಿಂಗರ್ ಮುಂದಿದೆ ಎಂದು ತೋರಿಸಿದರು. ಕಾರಣ ಸರಳ. ಗೋಲಿನ ಬಾಯಿಗೇ ಬರುವ ಚೆಂಡಿಗೆ ಯಾರದಾದರೂ ತಲೆ, ಮೊಣಕಾಲು, ಕೊನೆಗೆ ಎದುರಾಳಿಯದೇ ಭುಜ ತಗುಲಿದರೂ ಅದು ಒಳಗೆ ಹೋಗಬಹುದು. 2011-12ರಲ್ಲಿ ಸಿಟಿ ಕಾರ್ನರ್‌ಗಳಿಂದ 15 ಗೋಲು ಗಳಿಸಿತು. 2012ರ ಏಪ್ರಿಲ್ 30ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಎಡಗಾಲಿನ ಡೇವಿಡ್ ಸಿಲ್ವಾ ಬಲ ಮೂಲೆಯಿಂದ ಒದ್ದ ಚೆಂಡಿಗೆ ವಿನ್ಸೆಂಟ್ ಕೊಂಪನಿ ತಲೆಕೊಟ್ಟ ಗೋಲೂ ಅದರಲ್ಲಿ ಒಂದು. ಆ ಪಂದ್ಯ 1-0, ಆ ವರ್ಷದ ಪ್ರೀಮಿಯರ್ ಲೀಗ್ ಪಟ್ಟವೂ ಸಿಟಿಗೇ, ಅದೂ ಗೋಲು ವ್ಯತ್ಯಾಸದಿಂದ.

ಆದರೆ ಬೇರೆಯವರ ಲೆಕ್ಕವನ್ನು ಹಾಗೇ ಎತ್ತಿಕೊಂಡು ಬಂದರೆ ಸಾಲದು. ತನ್ನ ತಂಡದಲ್ಲಿ ಒದೆಯುವವರು ಯಾರು, ಗಾಳಿಯಲ್ಲಿ ಗೆಲ್ಲುವವರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಹಾಗಾಗಿ ಪ್ರತಿ ಕ್ಲಬ್ಬೂ ತನ್ನದೇ ಪುಸ್ತಕ ಬರೆಯಬೇಕು. ಲೆಕ್ಕ ಅರ್ಥವಾಗಲೆಂದು ಒಂದು ಕಲ್ಪಿತ ತಂಡವನ್ನು ತೆಗೆದುಕೊಳ್ಳೋಣ.

ಈ ತಂಡ ಒಂದು ಋತುವಿನಲ್ಲಿ 80 ಇನ್‌ಸ್ವಿಂಗರ್, 80 ಔಟ್‌ಸ್ವಿಂಗರ್ ಒದ್ದಿದೆ. ಇನ್‌ಸ್ವಿಂಗರ್‌ನಿಂದ ಎರಡು ಗೋಲು, ಔಟ್‌ಸ್ವಿಂಗರ್‌ನಿಂದ ನಾಲ್ಕು. ಎರಡರಷ್ಟು ಎಂದು ಕುಣಿಯುವಂತಿಲ್ಲ. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಒಂದು ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಗಿ, ಇನ್ನೊಂದು ಒಳಗೆ ಹೋಗಿದ್ದರೆ ಚಿತ್ರವೇ ತಿರುಗಿಬಿಡುತ್ತಿತ್ತು. ಅದಕ್ಕೇ ವಿಶ್ಲೇಷಕರು ಗೋಲಿನ ಬದಲು ಗೋಲಿನತ್ತ ಬಿದ್ದ ಹೊಡೆತಗಳನ್ನು ಎಣಿಸುತ್ತಾರೆ. ಪ್ರತಿ ಹೊಡೆತಕ್ಕೂ, ಅದೇ ದೂರದಿಂದ, ಅದೇ ಕೋನದಿಂದ ಹಿಂದೆ ಬಿದ್ದ ಸಾವಿರಾರು ಹೊಡೆತಗಳಲ್ಲಿ ಎಷ್ಟು ಗೋಲಾಗಿವೆ ಎಂದು ನೋಡಿ ಬೆಲೆ ಕಟ್ಟುತ್ತಾರೆ. ನಮ್ಮ ತಂಡದ ಔಟ್‌ಸ್ವಿಂಗರ್‌ಗಳಿಂದ 22 ಹೊಡೆತ ಬಿದ್ದಿವೆ, ಆದರೆ ಹೆಚ್ಚಿನವು ಪೆನಾಲ್ಟಿ ಬಿಂದುವಿನ ಸುತ್ತಮುತ್ತಲಿಂದ, ಒಂದೊಂದರ ಬೆಲೆ ಸರಾಸರಿ 0.08. ಇನ್‌ಸ್ವಿಂಗರ್‌ನಿಂದ ಬಂದದ್ದು 16 ಹೊಡೆತವೇ, ಆದರೆ ಗೋಲಿನ ಹತ್ತಿರದಿಂದ, ಬೆಲೆ 0.16. ಗುಣಿಸಿದರೆ ಔಟ್‌ಸ್ವಿಂಗರ್‌ನಿಂದ ನಿರೀಕ್ಷಿಸಬಹುದಾದದ್ದು 1.8 ಗೋಲು, ಇನ್‌ಸ್ವಿಂಗರ್‌ನಿಂದ 2.6. ಗೋಲಿನ ಪಟ್ಟಿ ಹೇಳಿದ್ದಕ್ಕೆ ಇದು ತೀರಾ ವಿರುದ್ಧ.

ಮುಂದಿನ ಪ್ರಶ್ನೆ, ಚೆಂಡನ್ನು ಎಲ್ಲಿಗೆ ಒದೆಯಬೇಕು? ಬಹಳ ಜನ ಎಡವುವುದು ಇಲ್ಲೇ.

ಗೋಲಿನ ಮುಂದಿನ ಐದೂವರೆ ಮೀಟರಿನ ಚಿಕ್ಕ ಚೌಕವನ್ನು ಮೂಲೆಗೆ ಹತ್ತಿರದ ಕಂಬ, ನಡುವೆ, ದೂರದ ಕಂಬ ಎಂದು ಹೋಳು ಮಾಡಿ, ಅದರಾಚೆಗೆ ಪೆನಾಲ್ಟಿ ಬಿಂದುವಿನ ವಲಯವನ್ನು ಸೇರಿಸುವುದು ರೂಢಿ. ನಮ್ಮ ತಂಡದ 80 ಇನ್‌ಸ್ವಿಂಗರ್‌ಗಳಲ್ಲಿ 55 ಹತ್ತಿರದ ಕಂಬದ ಬಳಿ ಬಿದ್ದು 9 ಹೊಡೆತ ಕೊಟ್ಟಿವೆ, ನೂರಕ್ಕೆ 16. ನಡುವೆ ಬಿದ್ದ 25 ಚೆಂಡು 7 ಹೊಡೆತ ಕೊಟ್ಟಿವೆ, ನೂರಕ್ಕೆ 28. ಹಾಗಾದರೆ ಎಲ್ಲವನ್ನೂ ನಡುವಿಗೇ ಒದೆಯೋಣ ಎನಿಸುತ್ತದೆ ಅಲ್ಲವೇ?

ತಡೆಯಿರಿ. ವಿಡಿಯೊ ಮತ್ತೆ ನೋಡಿ, ಒದೆಯುವವನನ್ನು ಕೇಳಿ, ಓಡುವವರ ದಾರಿ ಗಮನಿಸಿದಾಗ ಬೇರೆ ಸಂಗತಿ ಹೊರಬೀಳುತ್ತದೆ. ಹತ್ತಿರದ ಕಂಬಕ್ಕೇ ಎಂದು ಗುರಿಯಿಟ್ಟದ್ದು 40 ಮಾತ್ರ. ಉಳಿದ 15, ನಡುವಿಗೆಂದು ಒದ್ದರೂ ಅಲ್ಲಿಗೆ ತಲುಪದೆ ಮೊದಲ ರಕ್ಷಣಾ ಆಟಗಾರನಿಗೇ ಸಿಕ್ಕವು. ಅವುಗಳಿಂದ ಹುಟ್ಟಿದ್ದು ಒಂದೇ ಹೊಡೆತ. ಗುರಿಯ ಪ್ರಕಾರ ಲೆಕ್ಕ ಹಾಕಿದರೆ ಹತ್ತಿರದ ಕಂಬಕ್ಕೆ 40ರಲ್ಲಿ 8, ನಡುವಿಗೂ 40ರಲ್ಲಿ 8. ಎರಡೂ ಸಮ! ನಡುವಿನ ಗುರಿ ತಪ್ಪಿ ಬಿದ್ದ ಚೆಂಡುಗಳ ಪಾಪವನ್ನೆಲ್ಲ ಬಿದ್ದ ಜಾಗದ ಪಟ್ಟಿ ಹತ್ತಿರದ ಕಂಬದ ತಲೆಗೆ ಕಟ್ಟಿತ್ತು. ಚೆಂಡು ಬಿದ್ದ ಜಾಗವನ್ನು ಕೋಚ್ ಆರಿಸಲಾರ, ಗುರಿಯನ್ನು ಮಾತ್ರ ಆರಿಸಬಲ್ಲ. ಆದ್ದರಿಂದ ಪುಸ್ತಕದಲ್ಲಿ ಎರಡೂ ಕಾಲಂ ಇರಲೇಬೇಕು.

ಇಷ್ಟಾದ ಮೇಲೆ ನಿರ್ಧಾರ ಸುಲಭವಾಗುತ್ತದೆ. ನಡುವಿಗೆ ತಲುಪಿದ ಚೆಂಡಿಗೆ ಬೆಲೆ ಹೆಚ್ಚು, ಆದರೆ 40ರಲ್ಲಿ 15 ತಲುಪುತ್ತಿಲ್ಲ. ಮೊದಲನೆಯವನ ತಲೆ ದಾಟಿಸಿ ಒದೆಯುವುದನ್ನು ಅಭ್ಯಾಸದಲ್ಲಿ ತಿದ್ದಬೇಕು, ಇಲ್ಲವೇ ಒದೆಯುವವನನ್ನೇ ಬದಲಿಸಬೇಕು. ಅಷ್ಟರವರೆಗೆ ಹತ್ತಿರದ ಕಂಬದ ಯೋಜನೆಯೂ ಇರಲಿ.

ಇದೇ ದಾರಿಯಲ್ಲಿ ಬಹಳ ದೂರ ಹೋದದ್ದು ಆರ್ಸೆನಲ್. 2021ರಲ್ಲಿ ಬಂದ ನಿಕೋಲಾ ಜೋವೆ ಅವರ ಕೆಲಸವೇ ಕಾರ್ನರ್, ಫ್ರೀಕಿಕ್ ತಾಲೀಮು. ಬಲಗಡೆಯಿಂದ ಎಡಗಾಲಿನ ಬುಕಾಯೊ ಸಾಕಾ, ಎಡಗಡೆಯಿಂದ ಬಲಗಾಲಿನ ಡೆಕ್ಲನ್ ರೈಸ್. ಎರಡೂ ಕಡೆಯಿಂದ ಬರುವುದು ಇನ್‌ಸ್ವಿಂಗರ್. 2023-24ರಲ್ಲಿ ಬೆನ್ ವೈಟ್ ಗೋಲ್‌ಕೀಪರ್‌ಗೆ ಅಂಟಿಕೊಂಡೇ ನಿಲ್ಲುತ್ತಿದ್ದರು, ಗೇಬ್ರಿಯಲ್ ಮುಂತಾದವರು ದೂರದ ಕಂಬದ ಆಚೆಯಿಂದ ಗುಂಪಾಗಿ ಒಳನುಗ್ಗುತ್ತಿದ್ದರು. ದೂರದಿಂದ ಓಡಿ ಬಂದವನು ನಿಂತಲ್ಲೇ ಹಾರುವವನಿಗಿಂತ ಎತ್ತರಕ್ಕೆ ಹೋಗುತ್ತಾನೆ. 2023-24ರ ಪ್ರೀಮಿಯರ್ ಲೀಗ್‌ನಲ್ಲಿ ಅವರು ಕಾರ್ನರ್‌ನಿಂದ ಗಳಿಸಿದ್ದು 16 ಗೋಲು. 2024ರ ಏಪ್ರಿಲ್ 28ರಂದು ಟಾಟನ್‌ಹ್ಯಾಮ್ ವಿರುದ್ಧ 3-2ರಿಂದ ಗೆದ್ದಾಗ ಎರಡು ಗೋಲು ಕಾರ್ನರ್‌ನವು. ಅದರಲ್ಲಿ ಒಂದು, ಸಾಕಾ ಒದ್ದ ಚೆಂಡಿಗೆ ಎದುರಾಳಿ ಹೊಯ್‌ಬ್ಯೆರ್ ತಾನೇ ತಲೆಕೊಟ್ಟು ಒಳಗೆ ಕಳಿಸಿದ್ದು.

ಪುಸ್ತಕಕ್ಕೂ ಮಿತಿಯಿದೆ. ಎದುರಾಳಿಗಳೂ ಅದೇ ವಿಡಿಯೊ ನೋಡುತ್ತಾರೆ, ಗೋಲ್‌ಕೀಪರ್‌ನ ಸುತ್ತ ಇನ್ನಿಬ್ಬರನ್ನು ನಿಲ್ಲಿಸುತ್ತಾರೆ. ಆಗ ಹಳೆಯ ಅಂಕಿ ಹಳಸುತ್ತದೆ. ಎಲ್ಲರನ್ನೂ ಮುಂದಕ್ಕೆ ಕಳಿಸಿದರೆ ಚೆಂಡು ಕಳೆದುಕೊಂಡ ಕ್ಷಣದಲ್ಲಿ ತನ್ನದೇ ಗೋಲು ಬರಿದಾಗಿರುತ್ತದೆ. ಕಾರ್ನರ್ ಒದ್ದ ಮೇಲೆ ಎದುರಾಳಿಗೆ ಸಿಕ್ಕ ದಾಳಿಗಳನ್ನೂ ಅದೇ ಪುಸ್ತಕದಲ್ಲಿ ಕಳೆಯಬೇಕು.

ಮುಂದಿನ ಸಲ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ಓದುಗರು ಒಂದು ಚೀಟಿ ಒಯ್ಯಬಹುದು. ಯಾವ ಕಾಲು, ಯಾವ ಬಾಗು, ಎಲ್ಲಿಗೆ ಗುರಿ, ಎಲ್ಲಿ ಬಿತ್ತು, ಮೊದಲು ಮುಟ್ಟಿದ್ದು ಯಾರು, ಹೊಡೆತ ಬಿತ್ತೇ. ಪ್ರತಿ ಕಾರ್ನರ್‌ಗೆ ಆರೇ ಗುರುತು ಸಾಕು.